ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ತಯಾರಿಸುವುದು: ಒಂದು ಸ್ಮರಣ ಸಂಚಿಕೆಯ ಮುಖಪುಟದ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುವ ನನ್ನ ಬಳಿಗೆ ಪ್ರೆಸ್‌ನವರು ಹಿಂದಿರುಗಿಸಿದ ಫೈಲುಗಳು ವರ್ಷವಿಡೀ ಬರುತ್ತವೆ. ಬಹುಪಾಲು ಫೈಲುಗಳಲ್ಲಿ ತೊಂದರೆ ಒಂದೇ ಬಗೆಯದು: ಅಂಚಿಗೆ ಬಣ್ಣ ಸಾಕಾಗಿರುವುದಿಲ್ಲ, ಕಪ್ಪು ಅಕ್ಷರಗಳು ನಾಲ್ಕೂ ಬಣ್ಣಗಳಲ್ಲಿ ಒಡೆದಿರುತ್ತವೆ, ಇಲ್ಲವೇ ಫೋಟೊ ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಲ್ಲೇ ಉಳಿದಿರುತ್ತದೆ. ಈ ಮೂರೂ ತಪ್ಪುಗಳು ಪರದೆಯ ಮೇಲೆ ಕಾಣುವುದಿಲ್ಲ. ಆದ್ದರಿಂದ ಕೆಲಸ ಮಾಡುವ ಕ್ರಮವನ್ನೂ, ಕೊನೆಯಲ್ಲಿ ಪರೀಕ್ಷಿಸುವ ವಿಧಾನವನ್ನೂ ಒಂದೇ ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ.

ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯೊಂದರ ಸ್ಮರಣ ಸಂಚಿಕೆ ನಮ್ಮ ಉದಾಹರಣೆ. ಎ4 ಅಳತೆ, ಸೆಂಟರ್ ಪಿನ್ ಬೈಂಡಿಂಗ್, ಆರ್ಟ್ ಬೋರ್ಡಿನ ಮುಖಪುಟ. ಮುಂಬದಿಯಲ್ಲಿ ಮಳೆಯಲ್ಲಿ ತೊಯ್ದ ಅಡಿಕೆ ತೋಟದ ಫೋಟೊ, ಅದರ ಮೇಲೆ ಶೀರ್ಷಿಕೆ. ಹಿಂಬದಿಯಲ್ಲಿ ತಿಳಿಯಾದ ಒಂದೇ ಬಣ್ಣ, ಅದರ ಮೇಲೆ ಎಂಟು ಹತ್ತು ಸಾಲಿನ ಕಪ್ಪು ಬರಹ. ಉಚಿತವಾಗಿ ಸಿಗುವ ಸ್ಕ್ರೈಬಸ್ 1.6ನ್ನು ಬಳಸಿದ್ದೇನೆ. ಕೋರೆಲ್‌ಡ್ರಾ ಅಥವಾ ಇನ್‌ಡಿಸೈನ್ ಬಳಸುವವರಿಗೆ ಮೆನುಗಳ ಹೆಸರು ಬೇರೆಯಾದರೂ ಹಂತಗಳು ಇವೇ.

## ಬೇಕಾಗುವ ಸಲಕರಣೆಗಳು

ಪುಟ ವಿನ್ಯಾಸಕ್ಕೆ ಸ್ಕ್ರೈಬಸ್, ಫೋಟೊವನ್ನು ಮುದ್ರಣದ ನಾಲ್ಕು ಇಂಕುಗಳ ಬಣ್ಣಕ್ರಮವಾದ ಸಿಎಂವೈಕೆಗೆ ಬದಲಿಸಲು ಕ್ರಿಟಾ ಅಥವಾ ಫೋಟೊಶಾಪ್, ಪಿಡಿಎಫ್ ಪರೀಕ್ಷೆಗೆ ಪಾಪ್ಲರ್ ಎಂಬ ಸಣ್ಣ ಉಪಕರಣಗಳ ಕಟ್ಟು. ಇವುಗಳ ಜೊತೆಗೆ ಆಯಾ ಕಾಗದದ ಮೇಲೆ ಇಂಕಿನ ಬಣ್ಣ ಹೇಗೆ ಬರುತ್ತದೆಂದು ತಂತ್ರಾಂಶಕ್ಕೆ ತಿಳಿಸುವ, ಪ್ರೆಸ್‌ನವರು ಹೇಳುವ ಬಣ್ಣದ ಪ್ರೊಫೈಲ್ ಫೈಲ್ ಬೇಕು. ಒಂದು ಉಕ್ಕಿನ ಸ್ಕೇಲನ್ನೂ ಹತ್ತಿರ ಇಟ್ಟುಕೊಳ್ಳಿ.

## ಹಂತ 1: ವಿನ್ಯಾಸಕ್ಕೆ ಮುನ್ನ ಪ್ರೆಸ್‌ಗೆ ಕೇಳಬೇಕಾದದ್ದು

ಕತ್ತರಿಸಿದ ಮೇಲಿನ ಅಳತೆ ಎಷ್ಟು, ಕತ್ತರಿಸುವ ಗೆರೆಯ ಆಚೆಗೂ ಹರಡುವ ಬಣ್ಣ, ಅಂದರೆ ಬ್ಲೀಡ್, ಎಷ್ಟು ಬೇಕು, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕ್ರಾಪ್ ಮಾರ್ಕ್ ನಾವು ಹಾಕಬೇಕೋ ಅವರೇ ಹಾಕಿಕೊಳ್ಳುತ್ತಾರೋ, ಯಾವ ಕಾಗದ, ಯಾವ ಪ್ರೊಫೈಲ್, ಒಟ್ಟು ಇಂಕಿನ ಮಿತಿ ಎಷ್ಟು ಎಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಕೆಲಸ ಊರಿನಲ್ಲೇ ಆಗುತ್ತದೆಯೋ, ಬೆಂಗಳೂರಿಗೋ ಶಿವಕಾಶಿಗೋ ಹೋಗುತ್ತದೆಯೋ ಎಂಬುದನ್ನೂ ವಿಚಾರಿಸಿ. ಯಂತ್ರ ಬದಲಾದರೆ ಉತ್ತರವೂ ಬದಲಾಗುತ್ತದೆ.

ಹಾಳೆಯ ಅಳತೆಯ ಲೆಕ್ಕವನ್ನು ಇಲ್ಲಿಯೇ ಮಾಡಿಬಿಡುವುದು ಒಳ್ಳೆಯದು. ಬಿಚ್ಚಿಟ್ಟ ಎ4 ಮುಖಪುಟ ಸರಿಯಾಗಿ ಎ3, ಅಂದರೆ 420 × 297 ಮಿ.ಮೀ. ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ ಸೇರಿದರೆ 426 × 303 ಮಿ.ಮೀ. ಆಗುತ್ತದೆ. ಕಡಿಮೆ ಪ್ರತಿಗಳೆಂದು ಯಾರಾದರೂ ಇದನ್ನು 12 × 18 ಇಂಚಿನ ಹಾಳೆಯ ಮೇಲೆ ಮುದ್ರಿಸಲು ಹೊರಟರೆ, ಹಾಳೆಯ ಅಗಲ 304.8 ಮಿ.ಮೀ. ಮಾತ್ರ ಇರುವುದರಿಂದ ಬ್ಲೀಡ್‌ನ ಆಚೆ ಮೇಲೆ ಕೆಳಗೆ ಒಂದೊಂದು ಮಿಲಿಮೀಟರ್ ಕೂಡ ಉಳಿಯುವುದಿಲ್ಲ. ಯಂತ್ರ ಹಾಳೆಯನ್ನು ಹಿಡಿಯಲು ಬಿಡಬೇಕಾದ ಅಂಚಿಗೇ ಜಾಗವಿಲ್ಲ. ದೊಡ್ಡ ಹಾಳೆ ಬೇಕೆಂಬುದು ದರ ಮಾತನಾಡುವಾಗಲೇ ತಿಳಿದಿರಬೇಕು.

## ಹಂತ 2: ಪುಟ ಮತ್ತು ಬ್ಲೀಡ್

ಮುದ್ರಣವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟಿಂಗ್ ಮಷಿನ್‌ನಲ್ಲಿ ಒಟ್ಟಿಗೆ ಕತ್ತರಿಸುತ್ತಾರೆ. ಅಟ್ಟಿ ದಪ್ಪವಾಗಿದ್ದಾಗ ಬ್ಲೇಡಿನ ಒತ್ತಡಕ್ಕೆ ಹಾಳೆ ಸ್ವಲ್ಪ ಸರಿಯುತ್ತದೆ. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಅರ್ಧ, ಒಂದು ಮಿಲಿಮೀಟರ್ ವ್ಯತ್ಯಾಸವಾಗುವುದು ಸಾಮಾನ್ಯ. ಬಣ್ಣವು ಕತ್ತರಿಸುವ ಗೆರೆಯಲ್ಲೇ ನಿಂತಿದ್ದರೆ ಆ ವ್ಯತ್ಯಾಸವು ಅಂಚಿನಲ್ಲಿ ಬಿಳಿ ದಾರದಂತೆ ಕಾಣುತ್ತದೆ. ಗೆರೆಯನ್ನು ದಾಟಿ 3 ಮಿ.ಮೀ. ಹರಡಿರುವ ಬಣ್ಣವೇ ಬ್ಲೀಡ್.

ಸ್ಕ್ರೈಬಸ್‌ನಲ್ಲಿ `File → New` ತೆರೆದು ಅಗಲ 420, ಎತ್ತರ 297 ಮಿ.ಮೀ. ಎಂದು ಕೊಡಿ. ಅದೇ ಕಿಟಕಿಯ `Bleeds` ಭಾಗದಲ್ಲಿ ನಾಲ್ಕೂ ಕಡೆಗೆ 3 ಮಿ.ಮೀ. ತುಂಬಿ. ಪುಟದ ಅಳತೆಯನ್ನೇ 426 × 303 ಎಂದು ಕೊಟ್ಟು, ಕತ್ತರಿಸುವ ಗೆರೆಗಳನ್ನು ಕೈಯಿಂದ ಎಳೆಯುವುದು ನಮ್ಮ ಕಡೆ ಬಹಳ ಬಳಕೆಯಲ್ಲಿರುವ ತಪ್ಪು. ಹಾಗೆ ಮಾಡಿದಾಗ ಪಿಡಿಎಫ್‌ಗೆ ಎಲ್ಲಿ ಕತ್ತರಿಸಬೇಕೆಂಬುದೇ ತಿಳಿದಿರುವುದಿಲ್ಲ. ಪ್ರೆಸ್‌ನ ತಂತ್ರಾಂಶ 426 ಮಿ.ಮೀ.ಯನ್ನೇ ಪೂರ್ಣ ಅಳತೆಯೆಂದು ಭಾವಿಸಿ ಪುಟಗಳನ್ನು ಜೋಡಿಸುತ್ತದೆ.

ನಂತರ `Page → Manage Guides` ಮೂಲಕ 210 ಮಿ.ಮೀ.ನಲ್ಲಿ ನಿಂತ ಗೆರೆಯೊಂದನ್ನು ಇಡಿ. ಮಡಿಕೆ ಬರುವುದು ಅಲ್ಲಿ. ಬಲಗಡೆಯದು ಮುಂಬದಿ, ಎಡಗಡೆಯದು ಹಿಂಬದಿ. ಒಳಮೈಯಲ್ಲಿ ಇದು ತಿರುಗುಮುರುಗಾಗಿ, ಮುಂಬದಿಯ ಒಳಪುಟ ಎಡಕ್ಕೂ ಹಿಂಬದಿಯ ಒಳಪುಟ ಬಲಕ್ಕೂ ಬರುತ್ತವೆ. ಅನುಮಾನವಿದ್ದರೆ ಒಂದು ಹಾಳೆಯನ್ನು ಮಡಿಸಿ, ನಾಲ್ಕು ಮುಖಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ಬಿಚ್ಚಿ ನೋಡುವುದಕ್ಕಿಂತ ಸುಲಭದ ದಾರಿ ಇಲ್ಲ.

ಫೋಟೊ ಚೌಕಟ್ಟಿಗೆ ಎಡದಿಂದ 210, ಮೇಲಿನಿಂದ −3, ಅಗಲ 213, ಎತ್ತರ 303 ಎಂದು ಅಂಕಿಗಳಲ್ಲೇ ತುಂಬಿರಿ. ಹಿಂಬದಿಯ ಬಣ್ಣದ ಚೌಕಕ್ಕೆ −3, −3, 213, 303. ಕಣ್ಣಳತೆಯಲ್ಲಿ ಎಳೆದು ಕೂರಿಸಿದರೆ ಒಂದು ಮೂಲೆಯಲ್ಲಾದರೂ ಕೊರತೆ ಉಳಿಯುತ್ತದೆ. ಶೀರ್ಷಿಕೆ, ಲೋಗೊ, ಹಿಂಬದಿಯ ಬರಹ ಎಲ್ಲವೂ ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಗಿರಲಿ, ಮಡಿಕೆಯಿಂದ ನಾನು 10 ಮಿ.ಮೀ. ಬಿಡುತ್ತೇನೆ. ಅಂಚಿನ ಸುತ್ತ ತೆಳುವಾದ ಬಾರ್ಡರ್ ಹಾಕುವ ಆಸೆಯನ್ನು ಬಿಟ್ಟುಬಿಡಿ. ಕತ್ತರಿಸುವಾಗಿನ ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನು ಬ್ಲೀಡ್ ಮುಚ್ಚಿಡುತ್ತದೆ, ಬಾರ್ಡರ್ ಎತ್ತಿ ತೋರಿಸುತ್ತದೆ.

## ಹಂತ 3: ಫೋಟೊದ ಅಳತೆ ಮತ್ತು ಬಣ್ಣ

ಚೌಕಟ್ಟಿನ ಎತ್ತರ 303 ಮಿ.ಮೀ., ಅಂದರೆ ಸುಮಾರು 11.93 ಇಂಚು. ಇಂಚಿಗೆ 300 ಪಿಕ್ಸೆಲ್ ಬೇಕೆಂದರೆ ಎತ್ತರಕ್ಕೆ 3,579 ಪಿಕ್ಸೆಲ್, ಅಗಲಕ್ಕೆ 2,516 ಪಿಕ್ಸೆಲ್ ಆಗುತ್ತದೆ. ಮೊಬೈಲಿನ 3,000 × 4,000 ಪಿಕ್ಸೆಲ್ಲಿನ ಮೂಲ ಫೋಟೊ ಇದಕ್ಕೆ ಧಾರಾಳವಾಗಿ ಸಾಕು. ಈ ಉದಾಹರಣೆಯಲ್ಲಿ ನನಗೆ ಮೊದಲು ಬಂದ ಅದೇ ಫೋಟೊ ವಾಟ್ಸಾಪ್ ಮೂಲಕ ಹಾದು 1,200 × 1,600ಕ್ಕೆ ಇಳಿದಿತ್ತು. 1,600ನ್ನು 11.93ರಿಂದ ಭಾಗಿಸಿದರೆ ಇಂಚಿಗೆ 134 ಪಿಕ್ಸೆಲ್. ಅಡಿಕೆ ಸೋಗೆಯ ಎಳೆಗಳು ಮೇಣ ಕರಗಿದಂತೆ ಕಾಣಲು ಇಷ್ಟು ಸಾಕು. ಫೋಟೊಶಾಪಿನಲ್ಲಿ ರೆಸಲ್ಯೂಶನ್ ಅಂಕಿಯನ್ನು 300 ಎಂದು ಬದಲಿಸಿದರೆ ಪಿಕ್ಸೆಲ್ ಹೆಚ್ಚಿದಂತೆ ತೋರುತ್ತದೆ, ವಿವರ ಹೆಚ್ಚುವುದಿಲ್ಲ. ಮೂಲ ಫೋಟೊವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳುವುದೊಂದೇ ಪರಿಹಾರ.

ಪರದೆಯ ಕೆಂಪು, ಹಸಿರು, ನೀಲಿ ಬೆಳಕಿಗೆ ಸಿಗುವ ಬಣ್ಣಗಳಲ್ಲಿ ಕೆಲವು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕಿಗೆ ಎಟುಕುವುದಿಲ್ಲ. ಜುಲೈ ತಿಂಗಳ ಭತ್ತದ ಸಸಿಮಡಿಯ ಹಸಿರು ಮೊಬೈಲಿನಲ್ಲಿ ಹೊಳೆಯುವಷ್ಟು ಕಾಗದದ ಮೇಲೆ ಎಂದೂ ಹೊಳೆಯುವುದಿಲ್ಲ. ಈ ಇಳಿಕೆ ಆಗಿಯೇ ಆಗುತ್ತದೆ. ಪ್ರೆಸ್‌ನಲ್ಲಿ ಆಗುವ ಬದಲು ನಿಮ್ಮ ಕಣ್ಣೆದುರು ಆದರೆ ತಿದ್ದಲು ಅವಕಾಶವಿರುತ್ತದೆ. ಆದ್ದರಿಂದ ಹೊಳಪು, ನೆರಳುಗಳನ್ನೆಲ್ಲ ಆರ್‌ಜಿಬಿಯಲ್ಲೇ ತಿದ್ದಿ ಮುಗಿಸಿ, ಆ ಪ್ರತಿಯನ್ನು ಬೇರೆಯಾಗಿ ಉಳಿಸಿ, ಕೊನೆಗೆ ಒಂದೇ ಬಾರಿ ಸಿಎಂವೈಕೆಗೆ ಬದಲಿಸಿ.

ಕ್ರಿಟಾದಲ್ಲಿ `Image → Convert Image Color Space` ತೆರೆದು ಸಿಎಂವೈಕೆ, 8 ಬಿಟ್, ಪ್ರೆಸ್‌ನವರು ಹೇಳಿದ ಪ್ರೊಫೈಲ್ ಆರಿಸಿ. ಬದಲಿಸುವ ವಿಧಾನ `Relative Colorimetric` ಇರಲಿ, `Black Point Compensation` ಗುರುತು ಹಾಕಿರಲಿ. ನಂತರ ಟಿಫ್ ಆಗಿ ಉಳಿಸಿ. ಪ್ರೆಸ್‌ನವರಿಂದ ಖಚಿತ ಉತ್ತರ ಸಿಗದಿದ್ದಾಗ ಆರ್ಟ್ ಪೇಪರಿಗೆ ನಾನು `ISO Coated v2 300% (ECI)` ಬಳಸುತ್ತೇನೆ. ಮ್ಯಾಪ್‌ಲಿಥೊದಂಥ ಲೇಪನವಿಲ್ಲದ ಕಾಗದಕ್ಕೆ ಇದು ಸಲ್ಲದು; ಅದು ಇಂಕನ್ನು ಹೀರಿ ಚಿತ್ರವನ್ನು ಮಬ್ಬು ಮಾಡುತ್ತದೆ, ಅದಕ್ಕೆ ಬೇರೆ ಪ್ರೊಫೈಲ್ ಬೇಕು.

ಆ ಹೆಸರಿನಲ್ಲಿರುವ 300% ಎಂಬುದು ಒಂದೇ ಜಾಗದಲ್ಲಿ ನಾಲ್ಕೂ ಇಂಕುಗಳು ಸೇರಿ ಬೀಳಬಹುದಾದ ಒಟ್ಟು ಪ್ರಮಾಣದ ಮಿತಿ. ಅಡಿಕೆ ತೋಟದ ಬುಡದ ಕತ್ತಲಲ್ಲಿ ಈ ಮಿತಿ ಮೀರುವುದು ಸುಲಭ. ಮಳೆಗಾಲದಲ್ಲಿ ಮಲೆನಾಡಿನ ಗಾಳಿಯಲ್ಲಿ ತೇವ ತುಂಬಿರುವಾಗ ಇಂಕು ಮೊದಲೇ ನಿಧಾನವಾಗಿ ಒಣಗುತ್ತದೆ. ಅದರ ಮೇಲೆ ದಪ್ಪ ಇಂಕು ಬಿದ್ದರೆ ಒಂದು ಹಾಳೆಯ ಕಪ್ಪು ಅದರ ಮೇಲೆ ಕುಳಿತ ಹಾಳೆಯ ಬೆನ್ನಿಗೆ ಅಂಟುತ್ತದೆ. ಒಳಮುಖದಲ್ಲಿ ಮಸುಕು ಕಲೆ ಕಂಡರೆ ಕಾರಣ ಬಹುಮಟ್ಟಿಗೆ ಇದೇ.

## ಹಂತ 4: ಕಪ್ಪು ಅಕ್ಷರ

ಅತಿ ಹೆಚ್ಚು ಕೆಲಸಗಳು ಕೆಡುವುದು ಇಲ್ಲಿ; ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಆರ್‌ಜಿಬಿಯ ಕಪ್ಪನ್ನು ಸಿಎಂವೈಕೆಗೆ ಬದಲಿಸಿದಾಗ ಅದು ಬರೀ ಕಪ್ಪಾಗಿ ಉಳಿಯುವುದಿಲ್ಲ. ಫೋಟೊಶಾಪಿನಲ್ಲಿ ಬಹಳ ಕಾಲದಿಂದ ಇರುವ ಅಮೆರಿಕದ `SWOP` ಪ್ರೊಫೈಲಿನಲ್ಲಿ ಅದು ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗಿ ಒಡೆಯುತ್ತದೆ. ಅಂದರೆ 10 ಪಾಯಿಂಟಿನ ಒಂದು ಅಕ್ಷರವನ್ನು ಬಣ್ಣಕ್ಕೊಂದರಂತೆ ಇರುವ ನಾಲ್ಕು ಮುದ್ರಣ ಪ್ಲೇಟುಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಒತ್ತಬೇಕು. ಕನ್ನಡದ ಒತ್ತಕ್ಷರಗಳ ಎಳೆ ಕೂದಲಿನಷ್ಟು ತೆಳುವಾಗಿರುತ್ತದೆ. ‘ತ್ರ್ಯ’ದ ಕೆಳಗಿನ ಸುರುಳಿಯಲ್ಲಿ ಒಂದು ಬಣ್ಣ ಕಾಲು ಮಿಲಿಮೀಟರ್ ಸರಿದರೂ ಸುರುಳಿಯ ಹೊಟ್ಟೆ ಮುಚ್ಚಿ, ಅಂಚಿನಲ್ಲಿ ಕೆಂಪು ಅಥವಾ ನೀಲಿ ನೆರಳು ಮೂಡುತ್ತದೆ.

ನಮ್ಮ ಕಡೆ ಹೀಗೆ ಸರಿಯಲು ಒಂದು ಹೆಚ್ಚುವರಿ ಕಾರಣವೂ ಇದೆ. ಎರಡು ಬಣ್ಣದ ಯಂತ್ರದಲ್ಲಿ ನಾಲ್ಕು ಬಣ್ಣದ ಕೆಲಸ ಮಾಡುವಾಗ ಹಾಳೆ ಎರಡು ಬಾರಿ ಯಂತ್ರದೊಳಗೆ ಹೋಗುತ್ತದೆ. ಕಾಗದ ತೇವ ಹೀರಿದಾಗ, ಮುಖ್ಯವಾಗಿ ಅದರ ನಾರಿನ ದಿಕ್ಕಿಗೆ ಅಡ್ಡಲಾಗಿ, ಹಿಗ್ಗುತ್ತದೆ. ಆಷಾಢದ ಮಳೆಯಲ್ಲಿ ಮೊದಲ ಎರಡು ಬಣ್ಣ ಬೆಳಿಗ್ಗೆ ಬಿದ್ದು ಉಳಿದೆರಡು ಮರುದಿನ ಬಿದ್ದರೆ, ನಡುವಿನ ಹೊತ್ತಿನಲ್ಲಿ ಹಾಳೆಯ ಅಳತೆಯೇ ಬದಲಾಗಿರಬಹುದು. ಯಂತ್ರ ನಡೆಸುವವರನ್ನು ದೂರಿ ಪ್ರಯೋಜನವಿಲ್ಲ. ಅಕ್ಷರ ಕಪ್ಪು ಪ್ಲೇಟಿನಲ್ಲಿ ಮಾತ್ರ ಇದ್ದರೆ ಸರಿಯುವ ಪ್ರಶ್ನೆಯೇ ಬರುವುದಿಲ್ಲ.

ಸ್ಕ್ರೈಬಸ್‌ನಲ್ಲಿ ಮೊದಲಿನಿಂದಲೇ ಇರುವ `Black` ಸರಿಯಾದದ್ದು: 0, 0, 0, 100. ಹಿಂಬದಿಯ ಬರಹಕ್ಕೆಲ್ಲ ಅದನ್ನೇ ಬಳಸಿ. ಪಟ್ಟಿಯಲ್ಲಿ ಕಾಣುವ `Registration` ಎಂಬ ಕಪ್ಪನ್ನು ಮಾತ್ರ ಮುಟ್ಟಬೇಡಿ. ನಾಲ್ಕೂ ಪ್ಲೇಟಿನಲ್ಲಿ 100 ಇರುವ ಅದು ಕ್ರಾಪ್ ಮಾರ್ಕ್‌ಗಳಿಗೆ ಮೀಸಲು. ಹೊರಗಿನಿಂದ ತಂದ ಲೋಗೊ, ವರ್ಡ್‌ನಿಂದ ತಂದ ಬರಹ ತಮ್ಮದೇ ಆರ್‌ಜಿಬಿ ಕಪ್ಪನ್ನು ಹೊತ್ತು ತರುತ್ತವೆ. `Edit → Colors and Fills` ತೆರೆದು ಅಂಥವುಗಳನ್ನು ಒಂದೊಂದಾಗಿ ತಿದ್ದಬೇಕು.

ಬಣ್ಣದ ಹಿನ್ನೆಲೆಯ ಮೇಲಿನ ಕಪ್ಪು ಬರಹಕ್ಕೆ ಓವರ್‌ಪ್ರಿಂಟ್ ಕೊಡಿ, ಅಂದರೆ ಕಪ್ಪು ಇಂಕು ಹಿನ್ನೆಲೆಯ ಬಣ್ಣದ ಮೇಲೆಯೇ ಬೀಳಲಿ. ಇಲ್ಲವಾದರೆ ಹಿನ್ನೆಲೆಯಲ್ಲಿ ಅಕ್ಷರದ ಆಕಾರದ ತೂತು ಬಿದ್ದು, ಸ್ವಲ್ಪ ಸರಿದರೂ ಬಿಳಿ ಗೆರೆ ಇಣುಕುತ್ತದೆ. ಬಿಳಿ ಅಕ್ಷರಕ್ಕೆ ಓವರ್‌ಪ್ರಿಂಟ್ ಎಂದಿಗೂ ಕೂಡದು. ಬಿಳಿ ಎಂಬ ಇಂಕೇ ಇಲ್ಲದ ಕಾರಣ ಅಕ್ಷರ ಹಿನ್ನೆಲೆಯಲ್ಲಿ ಮಾಯವಾಗಿಬಿಡುತ್ತದೆ. ಬಹಳ ಹಿಂದೆ ಆಹ್ವಾನ ಪತ್ರಿಕೆಯೊಂದರಲ್ಲಿ ಕಪ್ಪು ಹೆಸರನ್ನು ಬಿಳಿಗೆ ಬದಲಿಸಿದ ನಾನು ಓವರ್‌ಪ್ರಿಂಟ್ ತೆಗೆಯಲು ಮರೆತು, ಅಧ್ಯಕ್ಷರ ಹೆಸರೇ ಇಲ್ಲದ 500 ಪ್ರತಿಗಳಿಗೆ ಕೈಯಿಂದ ಹಣ ಕೊಟ್ಟಿದ್ದೇನೆ.

ದೊಡ್ಡ ಕಪ್ಪು ಪಟ್ಟಿಯೊಂದು ಬೇಕಿದ್ದರೆ ಬರೀ ಕಪ್ಪು ಇಂಕು ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಅಲ್ಲಿ 40, 30, 30, 100 ಕೊಡಬಹುದು.

## ಹಂತ 5: ಕನ್ನಡ ಫಾಂಟ್

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್ ಪಠ್ಯದ ಅಪಾಯ ಬೇರೆ: ಅಕ್ಷರಗಳು ಇರುತ್ತವೆ, ಜೋಡಣೆ ಒಡೆಯುತ್ತದೆ. ಎರಡಕ್ಕೂ ಉತ್ತರ ಫಾಂಟನ್ನು ಪಿಡಿಎಫ್‌ನೊಳಗೆ ಸೇರಿಸುವುದು. ಸ್ಕ್ರೈಬಸ್‌ನ ಹಳೆಯ 1.4 ಆವೃತ್ತಿ ಕನ್ನಡ ಯುನಿಕೋಡನ್ನು ಸರಿಯಾಗಿ ಜೋಡಿಸುವುದಿಲ್ಲ, 1.6 ಜೋಡಿಸುತ್ತದೆ. ‘ತೀರ್ಥಹಳ್ಳಿ’ ಎಂದು ಟೈಪ್ ಮಾಡಿ ನೋಡಿದರೆ ಸಾಕು. ಅರ್ಕಾವತ್ತು ‘ಥ’ದ ಬಲಕ್ಕೆ ಬಂದು ಕುಳಿತು, ‘ಳ’ದ ಒತ್ತು ಕೆಳಗೆ ಬಂದಿದ್ದರೆ ಸರಿ.

## ಹಂತ 6: ಪಿಡಿಎಫ್ ರಫ್ತು

ಮೊದಲು `File → Document Setup → Color Management` ಚಾಲೂ ಮಾಡಿ, ಮುದ್ರಣದ ಪ್ರೊಫೈಲ್ ಆರಿಸಿ. ನಂತರ `File → Export → Save as PDF`. `General` ಭಾಗದಲ್ಲಿ ಪ್ರೆಸ್ ಕೇಳಿದ ಆವೃತ್ತಿ ಇರಲಿ. `PDF/X-1a`ಯಲ್ಲಿ ಆರ್‌ಜಿಬಿಗೂ ಪಾರದರ್ಶಕತೆಗೂ ಜಾಗವಿಲ್ಲ. `PDF/X-4` ಪಾರದರ್ಶಕತೆಯನ್ನು ಒಪ್ಪುತ್ತದೆ. ಪ್ರೆಸ್‌ನ ತಂತ್ರಾಂಶ ಹಳೆಯದಾಗಿದ್ದರೆ ಮೊದಲನೆಯದೇ ಸುರಕ್ಷಿತ. ಹಾಗಿದ್ದಾಗ ಶೀರ್ಷಿಕೆಗೆ ಮೆದು ನೆರಳು ಹಾಕುವುದಾದರೆ ಅದನ್ನು ಫೋಟೊದಲ್ಲೇ ಬೆರೆಸಿ ತನ್ನಿ. `Fonts` ಭಾಗದಲ್ಲಿ ಎಲ್ಲ ಫಾಂಟುಗಳೂ ಸೇರುವ ಪಟ್ಟಿಯಲ್ಲಿರಬೇಕು.

`Pre-Press` ಭಾಗದಲ್ಲಿ `Crop Marks` ಗುರುತು ಹಾಕಿ, `Use Document Bleeds` ಆರಿಸಿ. ಎರಡನೆಯದನ್ನು ಮರೆಯುವವರು ಬಹಳ. ವಿನ್ಯಾಸದಲ್ಲಿ ಬ್ಲೀಡ್ ಇದ್ದರೂ ಪಿಡಿಎಫ್‌ನಲ್ಲಿ ಇಲ್ಲದಿರುವುದಕ್ಕೆ ಅದೇ ಕಾರಣ. ಮಾರ್ಕ್‌ನ ಗೆರೆಗಳು ಬ್ಲೀಡ್‌ನೊಳಗೆ ನುಗ್ಗಬಾರದು. ನುಗ್ಗಿದ್ದರೆ ಕತ್ತರಿಸಿದ ಹಾಳೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಉಳಿಯಬಹುದು. ಮಾರ್ಕ್ ಬೇಡ ಎಂದು ಪ್ರೆಸ್‌ನವರು ಹೇಳಿದ್ದರೆ ಅದನ್ನಷ್ಟೇ ತೆಗೆಯಿರಿ, ಬ್ಲೀಡನ್ನಲ್ಲ.

`Print to PDF` ಮೂಲಕ ಪಿಡಿಎಫ್ ಮಾಡುವುದು, ಫೈಲು ದೊಡ್ಡದಾಯಿತೆಂದು ಜಾಲತಾಣಗಳಲ್ಲಿ ಕುಗ್ಗಿಸುವುದು, ಇವೆರಡೂ ಈವರೆಗಿನ ಕೆಲಸವನ್ನು ಅಳಿಸಿಹಾಕಬಲ್ಲವು. ಕತ್ತರಿಸುವ ಗಡಿಯ ಮಾಹಿತಿ ಹೋಗುತ್ತದೆ, ಫೋಟೊ ಮತ್ತೆ ಆರ್‌ಜಿಬಿ ಆಗಬಹುದು, ಪಿಕ್ಸೆಲ್ ಇಳಿಯುತ್ತದೆ.

## ಹಂತ 7: ಕಳಿಸುವ ಮುನ್ನ ಪರೀಕ್ಷೆ

ಪಿಡಿಎಫ್ ಇರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಪಾಪ್ಲರ್‌ನ ಈ ಮೂರು ಆದೇಶಗಳನ್ನು ಒಂದೊಂದಾಗಿ ಕೊಡಿ. `mukhaputa.pdf` ಇರುವಲ್ಲಿ ನಿಮ್ಮ ಫೈಲಿನ ಹೆಸರಿರಲಿ.

```
pdfinfo -box mukhaputa.pdf
pdffonts mukhaputa.pdf
pdfimages -list mukhaputa.pdf
```

ಮೊದಲ ಸಾಲಿನ ಉತ್ತರದಲ್ಲಿ ಅಳತೆಗಳು ಪಾಯಿಂಟ್‌ಗಳಲ್ಲಿರುತ್ತವೆ. ಕತ್ತರಿಸುವ ಗಡಿಯನ್ನು ಹೇಳುವ `TrimBox`ನ ಎದುರು ನಾಲ್ಕು ಅಂಕಿಗಳಿರುತ್ತವೆ. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ 1190.55, ನಾಲ್ಕನೆಯದರಿಂದ ಎರಡನೆಯದನ್ನು ಕಳೆದರೆ 841.89 ಬರಬೇಕು. ಬ್ಲೀಡ್ ಸೇರಿದ ಗಡಿಯಾದ `BleedBox`ಗೆ ಇದೇ ಲೆಕ್ಕದಲ್ಲಿ 1207.56 ಮತ್ತು 858.90. ಎರಡೂ ಡಬ್ಬಿಗಳು ಒಂದೇ ಅಂಕಿ ತೋರಿಸಿದರೆ ಬ್ಲೀಡ್ ಸೇರಿಲ್ಲ ಎಂದೇ ಅರ್ಥ.

ಎರಡನೆಯ ಸಾಲಿನ ಉತ್ತರದಲ್ಲಿ `emb` ಎಂಬ ಕಾಲಮ್ ಪ್ರತಿ ಫಾಂಟಿಗೂ `yes` ಎನ್ನಬೇಕು. ಮೂರನೆಯದರಲ್ಲಿ `color` ಕಾಲಮ್ `cmyk` ಎಂದಿರಬೇಕು. `icc` ಎಂದಿದ್ದರೆ ಪಕ್ಕದ `comp` ನೋಡಿ, 4 ಇದ್ದರೆ ಸಿಎಂವೈಕೆ, 3 ಇದ್ದರೆ ಆರ್‌ಜಿಬಿ. `x-ppi` 300ರ ಆಸುಪಾಸು ಇರಲಿ. ನಮ್ಮ ಮುಖಪುಟದಲ್ಲಿ ಫೋಟೊ ಸರಿಯಿತ್ತು. ಆದರೆ ಶಾಲೆಯ ಲಾಂಛನದ ಸಾಲಿನಲ್ಲಿ `rgb`, 96 ಎಂದು ಬಂದು, ಅದು ಯಾವುದೋ ಜಾಲಪುಟದಿಂದ ಇಳಿಸಿಕೊಂಡ ಚಿತ್ರವೆಂದು ಆಗ ಗೊತ್ತಾಯಿತು.

ಪ್ಲೇಟುಗಳನ್ನು ಬಿಡಿಬಿಡಿಯಾಗಿ ನೋಡಲು ಸ್ಕ್ರೈಬಸ್‌ನ `File → Output Preview → PDF` ಇದೆ. ಅಕ್ರೋಬ್ಯಾಟ್ ಪ್ರೊ ಇರುವವರಿಗೆ `Output Preview`. ಕಪ್ಪನ್ನು ಆರಿಸಿ ತೆಗೆದಾಗ ಹಿಂಬದಿಯ ಬರಹ ಪೂರ್ತಿ ಕಣ್ಮರೆಯಾಗಿ, ಬಣ್ಣದ ಹಿನ್ನೆಲೆ ತೂತಿಲ್ಲದೆ ಉಳಿಯಬೇಕು. ಅಕ್ಷರದ ನೆರಳು ಉಳಿದರೆ ಆ ಕಪ್ಪು ಒಡೆದಿದೆ. ಬಿಳಿ ಆಕಾರ ಉಳಿದರೆ ಓವರ್‌ಪ್ರಿಂಟ್ ಆಗಿಲ್ಲ.

## ಹಂತ 8: ಪ್ರೆಸ್‌ಗೆ ಕಳಿಸುವುದು

ಫೈಲನ್ನು ಇಮೇಲಿನಲ್ಲಿ ಅಥವಾ ಡ್ರೈವ್ ಕೊಂಡಿಯ ಮೂಲಕ ಕಳಿಸಿ. ಜೊತೆಯಲ್ಲಿ ನಾನು ಇಷ್ಟನ್ನು ಬರೆಯುತ್ತೇನೆ: ‘ಮುಖಪುಟ, ಹೊರಮೈ. ಕತ್ತರಿಸಿದ ಅಳತೆ 420 × 297 ಮಿ.ಮೀ., 210ಕ್ಕೆ ಮಡಿಕೆ, ಬ್ಲೀಡ್ 3 ಮಿ.ಮೀ., ನಾಲ್ಕು ಬಣ್ಣ, ಬರಹ ಕಪ್ಪು ಪ್ಲೇಟಿನಲ್ಲಿ ಮಾತ್ರ. ದಯವಿಟ್ಟು ಕೋರೆಲ್‌ನಲ್ಲಿ ತೆರೆಯದೆ ನೇರವಾಗಿ ಪ್ಲೇಟಿಗೆ ಹಾಕಿ.’

ಕೊನೆಯ ವಾಕ್ಯ ಸೌಜನ್ಯಕ್ಕೆ ಬರೆದದ್ದಲ್ಲ. ನಾಲ್ಕಾರು ಕೆಲಸಗಳನ್ನು ಒಂದೇ ಹಾಳೆಯಲ್ಲಿ ಸೇರಿಸಲು ಪಿಡಿಎಫ್ಅನ್ನು ಕೋರೆಲ್‌ಡ್ರಾದಲ್ಲಿ ತೆರೆಯುವ ರೂಢಿ ಸಣ್ಣ ಪ್ರೆಸ್‌ಗಳಲ್ಲಿದೆ. ಹಾಗೆ ತೆರೆದಾಗ ಬರಹ ಮತ್ತೆ ತಿದ್ದಬಹುದಾದ ಪಠ್ಯವಾಗಿ ಬಿಚ್ಚಿಕೊಂಡು, ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ತೆರೆಯಲೇಬೇಕು ಎಂದು ಅವರು ಹೇಳಿದರೆ, ಸ್ಕ್ರೈಬಸ್ ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅದರಲ್ಲಿ ಬರಹವನ್ನೆಲ್ಲ `Item → Convert To → Outlines` ಮೂಲಕ ಆಕಾರಗಳಾಗಿ ಬದಲಿಸಿ, ಬೇರೆ ಪಿಡಿಎಫ್ ಮಾಡಿ ಕೊಡಿ. ಆ ಪ್ರತಿಯಲ್ಲಿ ಮುಂದೆ ಒಂದಕ್ಷರವನ್ನೂ ತಿದ್ದಲಾಗದು. ಮೂಲ ಕಡತವನ್ನು ಜೋಪಾನವಾಗಿಡಿ. ಆಕಾರವಾಗಿ ಬದಲಿಸಿದ ಅಕ್ಷರಗಳಿಗೆ ಓವರ್‌ಪ್ರಿಂಟ್ ಉಳಿದಿದೆಯೇ ಎಂದು ಏಳನೆಯ ಹಂತದ ಪ್ಲೇಟ್ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ.

ಪ್ಲೇಟ್ ಮಾಡುವ ಮುನ್ನ ಪ್ರೆಸ್‌ನವರ ಪರದೆಯ ಚಿತ್ರವೊಂದನ್ನು ತರಿಸಿಕೊಳ್ಳಿ. ಅದರಲ್ಲಿ ಬಣ್ಣವನ್ನು ನೋಡುವುದರಲ್ಲಿ ಅರ್ಥವಿಲ್ಲ. ‘ತೀರ್ಥಹಳ್ಳಿ’ಯ ಅರ್ಕಾವತ್ತು ತನ್ನ ಜಾಗದಲ್ಲೇ ಇದೆಯೇ, ಮಾರ್ಕ್‌ಗಳ ಆಚೆಗೂ ಅಡಿಕೆ ಸೋಗೆ ಚಾಚಿದೆಯೇ ಎಂಬ ಎರಡನ್ನು ನೋಡಿ, ಸರಿ ಎಂದು ಉತ್ತರ ಬರೆಯಿರಿ.